ಒಂದೇ ಅಧ್ಯಾಯ, ಎರಡು ದಾರಿ: ಕತ್ತರಿಸುವುದೋ, ಹೊಸದಾಗಿ ಬರೆಯುವುದೋ?

ನನ್ನ ಪಿಎಚ್‌ಡಿ ಕೋಲಾರದ ಕೆರೆಗಳ ಬಗ್ಗೆ. ಅದರಲ್ಲಿ ಒಂದು ಅಧ್ಯಾಯ ನೀರುಗಂಟಿಗಳದ್ದು. ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವವರು ಅವರು. ಅಧ್ಯಾಯ ಸುಮಾರು 20,000 ಪದ ಇತ್ತು. ಅದನ್ನು ಎಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ ಅನ್ನುವ ಜರ್ನಲ್‌ಗೆ ಲೇಖನ ಮಾಡಿ ಕಳಿಸಬೇಕಿತ್ತು. ಅಲ್ಲಿ ವಿಶೇಷ ಲೇಖನಕ್ಕೆ ಮಿತಿ 8,000 ಪದ, ಟಿಪ್ಪಣಿ, ಕೋಷ್ಟಕ, ಉಲ್ಲೇಖ ಪಟ್ಟಿ ಎಲ್ಲ ಸೇರಿ. ಅಷ್ಟಕ್ಕೆ ಇಳಿಸಲು ಎರಡು ದಾರಿ ಹಿಡಿದು ನೋಡಿದೆ. ಒಂದು, ಇದ್ದ ಫೈಲನ್ನೇ ಕತ್ತರಿಸುವುದು. ಇನ್ನೊಂದು, ಖಾಲಿ ಫೈಲು ತೆರೆದು ಸಾರಾಂಶದಿಂದ ಶುರು ಮಾಡುವುದು.

ಕತ್ತರಿಸುವುದು ಬೇಗ ಸಾಗುತ್ತದೆ. ಹಿಂದಿನವರ ಅಧ್ಯಯನಗಳ ಭಾಗ, ಹಳ್ಳಿಗಳ ವಿವರ, ಸಂದರ್ಶನಗಳು, ಎಲ್ಲವನ್ನೂ ಅರ್ಧಕ್ಕಿಂತ ಕಡಿಮೆ ಮಾಡಿದೆ. ಪದಗಳೇನೋ ಇಳಿದವು, ಆದರೆ ಆಕಾರ ಹಾಗೇ ಉಳಿಯಿತು. ಪ್ರಬಂಧದ ಅಧ್ಯಾಯ ಪರೀಕ್ಷಕರಿಗಾಗಿ ಬರೆದದ್ದು, ಅಲ್ವಾ? ಎಲ್ಲವನ್ನೂ ಓದಿದ್ದೇನೆ, ಯಾವ ಹಳ್ಳಿಯನ್ನೂ ಬಿಟ್ಟಿಲ್ಲ ಅಂತ ತೋರಿಸುವುದೇ ಅದರ ಕೆಲಸ. ಹಾಗಾಗಿ ನನ್ನ ಸ್ವಂತ ಮಾತು ಲೇಖನದ ಮೂರನೇ ಒಂದು ಭಾಗ ಕಳೆದ ಮೇಲೆ ಬರುತ್ತಿತ್ತು. ಇಂಥ ಕರಡನ್ನು ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಅದಕ್ಕೆ ಸಾರಾಂಶ ಬರೆಯಲು ಕೂತುಕೊಳ್ಳಿ. ‘ಇದನ್ನೂ ಚರ್ಚಿಸುತ್ತದೆ, ಅದನ್ನೂ ಪರಿಶೀಲಿಸುತ್ತದೆ’ ಅಂತ ಪಟ್ಟಿ ಬೆಳೆದರೆ, ಅದು ಇನ್ನೂ ಅಧ್ಯಾಯವೇ.

ಎರಡನೇ ದಾರಿಯಲ್ಲಿ ಮೊದಲು 150 ಪದಗಳ ಸಾರಾಂಶ ಬರೆದೆ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಅಧ್ಯಾಯದಲ್ಲಿ ಇನಾಂ ಜಮೀನು, ಜಾತಿ, ಬೋರ್‌ವೆಲ್, ಹೂಳು, ಕೆರೆ ಬಳಕೆದಾರರ ಸಂಘ ಎಲ್ಲವೂ ಇದ್ದವು. ಸಾರಾಂಶಕ್ಕೆ ಹಿಡಿಸಿದ್ದು ಒಂದೇ ವಾದ. ನೀರುಗಂಟಿಗೆ ಕೆಲಸಕ್ಕೆ ಪ್ರತಿಫಲವಾಗಿ ಇನಾಂ ಜಮೀನು ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಜಮೀನನ್ನು ಹುದ್ದೆದಾರರಿಗೇ ಮರುಮಂಜೂರು ಮಾಡಲು ದಾರಿ ಮಾಡಿತು. ಅಲ್ಲಿಗೆ ಜಮೀನಿಗೂ ತೂಬಿನ ಕೆಲಸಕ್ಕೂ ಇದ್ದ ಕೊಂಡಿ ಕಳಚಿತು. ಮುಂದೆ 2000ದ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಕೆರೆ ಸಂಘಗಳು ಹುಟ್ಟಿದವು. ನಾನು ನೋಡಿದ ಊರುಗಳಲ್ಲಿ ಏರಿ ದುರಸ್ತಿಗೆ, ಹೂಳೆತ್ತಲು ದುಡ್ಡು ಬಂತು, ದಿನಾ ತೂಬು ನೋಡುವವನ ಕೂಲಿ ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಇಷ್ಟೇ ವಾದ. ಬೋರ್‌ವೆಲ್ ಭಾಗ ಪೂರ್ತಿ ಹೊರಗೆ ಹೋಯಿತು. ಒಳ್ಳೆಯ ಭಾಗವೇ, ಹೊಟ್ಟೆ ಉರಿಯಿತು, ಆದರೆ ಅದು ಬೇರೆ ಲೇಖನ.

ಈ ದಾರಿಗೂ ತೊಡಕಿದೆ. ಹಳ್ಳಿಗಳನ್ನು ಹೇಗೆ ಆರಿಸಿದೆ ಅನ್ನುವುದು ಪ್ರಬಂಧದ ಮೊದಲ ಅಧ್ಯಾಯದಲ್ಲಿತ್ತು. ಹೊಸ ಕರಡಿನಲ್ಲಿ ಅದರ ಸುಳಿವೇ ಇರಲಿಲ್ಲ. ಇಂಥದ್ದನ್ನು ವಿಮರ್ಶಕರು ಮೊದಲು ಕೇಳುತ್ತಾರೆ. ಹಾಗಾಗಿ ಬೇರೆ ಅಧ್ಯಾಯಗಳಲ್ಲಿ ಹೇಳಿ ಮುಗಿಸಿದ್ದನ್ನೆಲ್ಲ ಒಂದೆರಡು ಪ್ಯಾರಾಗಳಲ್ಲಿ ಮತ್ತೆ ಹೇಳಬೇಕು. ಕತ್ತರಿಸಿದ ಕರಡಿನಲ್ಲಿ ತೊಂದರೆ ಇದಕ್ಕೆ ಉಲ್ಟಾ. ‘ಹಿಂದಿನ ಅಧ್ಯಾಯದಲ್ಲಿ ನೋಡಿದಂತೆ’ ಅನ್ನುವ ಸಾಲುಗಳು ಅಲ್ಲಲ್ಲಿ ಉಳಿದಿರುತ್ತವೆ.

ಯಾರು ಓದುತ್ತಾರೆ ಅನ್ನುವುದು ಪದಮಿತಿಗಿಂತ ದೊಡ್ಡ ಬದಲಾವಣೆ ಕೇಳಿತು. ಇದೇ ವಸ್ತುವನ್ನು ಇತಿಹಾಸದ ಜರ್ನಲ್‌ಗೂ ಒಂದು ಕರಡು ಮಾಡಿ ನೋಡಿದೆ. ವೀಕ್ಲಿಯ ಓದುಗರಲ್ಲಿ ಅರ್ಥಶಾಸ್ತ್ರದವರು, ಅಧಿಕಾರಿಗಳು, ಸಂಘಟನೆಯವರು ಇರುತ್ತಾರೆ. ಅವರಿಗೆ ತೂಬು, ಕೋಡಿ ಏನೆಂದು ಹೇಳಬೇಕು, ಸಿದ್ಧಾಂತದ ಚರ್ಚೆ ಕಡಿಮೆ ಸಾಕು. ಅಲ್ಲಿ ಶುರು ಮಾಡಿದ್ದು ಇವತ್ತಿನ ಕೆರೆ ಸಂಘದಿಂದ. ಇತಿಹಾಸದವರಿಗೆ ಇನಾಂ ದಾಖಲೆಯಿಂದಲೇ ಶುರು ಮಾಡಬೇಕು. ಆ ದಾಖಲೆ ಯಾರು, ಯಾಕೆ ಬರೆದದ್ದು ಅಂತಲೂ ಹೇಳಬೇಕು. ಕೆರೆ ಸಂಘ ಅಲ್ಲಿ ಕೊನೆಯ ಪುಟದ ಮಾತು.

ಒಂದು ವಿಷಯ ಮಾತ್ರ ಎರಡರಲ್ಲೂ ಬಿಡುವಂತಿರಲಿಲ್ಲ. ಕೋಲಾರದ ಕಡೆ ಈ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳದ್ದು. ಹುದ್ದೆ ಹೋದದ್ದರಿಂದ ಕೆರೆಗೆ ನಷ್ಟವಾಯಿತು ಅಂತಷ್ಟೇ ಬರೆದರೆ, ಆ ವಂಶಪಾರಂಪರ್ಯದ ಚಾಕರಿ ಮುಂದುವರಿಯಬೇಕಿತ್ತು ಅಂದಂತಾಗುತ್ತದೆ. ಅಧ್ಯಾಯದಲ್ಲಿ ಇದಕ್ಕೆ ಪುಟಗಟ್ಟಲೆ ಜಾಗವಿತ್ತು. ಕತ್ತರಿಸುವಾಗ ಮೊದಲು ಹಾರಿಹೋದದ್ದು ಇಂಥ ‘ಆದರೆ’ಗಳೇ.

ನಾನು ಕಳಿಸಿದ್ದು ಎರಡನೇ ದಾರಿಯ ಕರಡನ್ನು. ನಿಮ್ಮ ಅಧ್ಯಾಯ ಮೊದಲೇ ಒಂದೇ ಪ್ರಶ್ನೆಯ ಸುತ್ತ ಇದ್ದರೆ ಕತ್ತರಿಸುವುದೇ ಸಾಕು, ಸುಮ್ನೆ ಹೊಸದಾಗಿ ಬರೆಯಬೇಡಿ. ಇನ್ನೊಂದು ಮಾತು: ನಿಮ್ಮ ಪ್ರಬಂಧ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿದ್ದರೆ, ಹೋಲಿಕೆ ಪತ್ತೆಹಚ್ಚುವ ಸಾಫ್ಟ್‌ವೇರ್ ನಿಮ್ಮ ಸಾಲುಗಳನ್ನೇ ನಕಲು ಅಂತ ತೋರಿಸಬಹುದು. ಕತ್ತರಿಸಿದ ಕರಡಿಗೆ ಈ ಕಾಟ ಜಾಸ್ತಿ. ಯಾವ ದಾರಿ ಹಿಡಿದರೂ, ಇದು ಪ್ರಬಂಧದ ಯಾವ ಅಧ್ಯಾಯದಿಂದ ಬಂತು ಅಂತ ಸಂಪಾದಕರಿಗೆ ಬರೆಯುವ ಪತ್ರದಲ್ಲೇ ಹೇಳಿಬಿಡಿ.