ಸ್ಟೊಕ್ಯಾಸ್ಟಿಕ್ ಟೈಲಿಂಗ್ ಪ್ಲಗಿನ್: ಎರಡು ವರ್ಷ ಬಳಸಿದ ಮೇಲೆ

ಒಂದೇ ಫೋಟೋವನ್ನು ನೆಲದ ತುಂಬ ಹಾಸಿದಾಗ ಕಾಣುವ ಪುನರಾವರ್ತನೆಯನ್ನು ಮರೆಸುವ ಈ ಪ್ಲಗಿನ್ ಹಾಕಿಕೊಂಡಿದ್ದೇ ಒಂದು ಬಿಳಿ ಕಲ್ಲಿನ ಕಾಟಕ್ಕೆ. ಜಲ್ಲಿ ನೆಲದ ಫೋಟೋವನ್ನು 2048 ಪಿಕ್ಸೆಲ್ ಚೌಕಕ್ಕೆ ಕತ್ತರಿಸಿ, ಗಿಂಪ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ 1024 ಆಫ್‌ಸೆಟ್ ಕೊಟ್ಟು, ನಡುವೆ ಬಂದ ಅಂಚುಗಳನ್ನು ಹೀಲ್ ಟೂಲ್‌ನಿಂದ ತಿದ್ದಿದ್ದೆ. ಜೋಡಣೆ ಎಲ್ಲೂ ಕಾಣಲಿಲ್ಲ. ಆದರೆ ಅದನ್ನೇ ನೆಲದ ತುಂಬ ಹಾಸಿ ಕ್ಯಾಮೆರಾ ಮೇಲೆತ್ತಿದೆ ನೋಡಿ, ಆ ಒಂದು ಬಿಳಿ ಕಲ್ಲು ಅಳತೆ ಹಿಡಿದು ನೆಟ್ಟ ಹಾಗೆ ಸಾಲಾಗಿ ನಿಂತಿತ್ತು.

ಪ್ಲಗಿನ್ ಬಳಸುವುದು ಹೈಟ್ಸ್ ಮತ್ತು ನೇರೆ 2018ರಲ್ಲಿ ಪ್ರಕಟಿಸಿದ ವಿಧಾನವನ್ನು. ನೆಲವನ್ನು ತ್ರಿಕೋನಗಳಾಗಿ ಹಂಚುತ್ತದೆ. ಪ್ರತಿ ಮೂಲೆಯೂ ಫೋಟೋದ ಯಾವುದೋ ಒಂದು ಜಾಗವನ್ನು ರ‍್ಯಾಂಡಮ್ ಆಗಿ ಆರಿಸಿಕೊಳ್ಳುತ್ತದೆ. ನಡುವಿನ ಪಿಕ್ಸೆಲ್‌ಗೆ ಮೂರೂ ಮೂಲೆಗಳ ಬಣ್ಣ ಬೆರೆಯುತ್ತದೆ, ಹತ್ತಿರದ ಮೂಲೆಯದು ಜಾಸ್ತಿ.

ಸುಮ್ನೆ ಬೆರೆಸಿದರೆ ಮಾತ್ರ ಚಿತ್ರ ಪೇಲವವಾಗುತ್ತದೆ. ತ್ರಿಕೋನದ ನಟ್ಟನಡುವೆ ಮೂರೂ ಸಮಪಾಲು, ಅಲ್ಲಿ ಕಾಂಟ್ರಾಸ್ಟ್ ಸುಮಾರು 58 ಶೇಕಡಕ್ಕೆ ಇಳಿಯುತ್ತದೆ. ಹಾಗಾಗಿ ನೆಲದಲ್ಲಿ ಮಬ್ಬು ಮಚ್ಚೆಗಳು ಏಳುತ್ತವೆ. ಇದಕ್ಕೆ ಮದ್ದು ಎರಡೇ ಸಾಲು. `a`, `b`, `d` ಮೂರು ಮೂಲೆಗಳ ಬಣ್ಣ, `w` ಅವುಗಳ ಪಾಲು, `m` ಅಂದರೆ ಫೋಟೋದ ಸರಾಸರಿ ಬಣ್ಣ:

```
vec3 c = w.x*a + w.y*b + w.z*d - m;
c = m + c / length(w);
```

ಇಷ್ಟರಿಂದಲೇ ಕಾಂಟ್ರಾಸ್ಟ್ ವಾಪಸ್ ಬರುತ್ತದೆ. ಆದರೆ ಫೋಟೋದಲ್ಲಿ ಇಲ್ಲದ ಬಣ್ಣಗಳೂ ಹುಟ್ಟಿಕೊಳ್ಳಬಹುದು, ನನ್ನ ಜಲ್ಲಿಯಲ್ಲಿ ಅಲ್ಲಲ್ಲಿ ಕರಿ ಚುಕ್ಕೆ ಬಿದ್ದಿತ್ತು. ಹಿಸ್ಟೋಗ್ರಾಮ್ ಆಯ್ಕೆ ಆನ್ ಮಾಡಿದ ಮೇಲೆ ಹೋಯಿತು. ಆಗ ಪ್ಲಗಿನ್ ಬಣ್ಣಗಳನ್ನು ಮೊದಲೇ ಗಂಟೆಯಾಕಾರದ ಹಂಚಿಕೆಗೆ ತಂದುಕೊಳ್ಳುತ್ತದೆ, ಬೆರೆಸಿ ಮುಗಿದ ಮೇಲೆ ಒಂದು ಟೇಬಲ್ ನೋಡಿ ಮೂಲ ಬಣ್ಣಗಳಿಗೆ ತಿರುಗಿಸುತ್ತದೆ.

ನನ್ನನ್ನು ಒಂದು ವಾರ ಸತಾಯಿಸಿದ್ದು ಬೇರೆಯೇ. ತ್ರಿಕೋನದ ಗೆರೆಗಳ ಉದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ರೇಖೆ, ದೂರದಿಂದ ನೋಡಿದರೆ ಮಾತ್ರ. ಬ್ಲೆಂಡಿಂಗ್ ತಪ್ಪು ಅಂದುಕೊಂಡು ಅಲ್ಲೇ ತಡಕಾಡಿದೆ. ಅಸಲಿಗೆ ಗೆರೆ ದಾಟಿದ ಕೂಡಲೇ ಮೂಲೆಯ ರ‍್ಯಾಂಡಮ್ ಆಫ್‌ಸೆಟ್ ಜಿಗಿಯುತ್ತದೆ, ಜಿಪಿಯು ಅದನ್ನು ದೊಡ್ಡ ಬದಲಾವಣೆ ಅಂತ ತಿಳಿದು ತೀರಾ ಚಿಕ್ಕ ಮಿಪ್‌ಮ್ಯಾಪ್ ಎತ್ತಿಕೊಳ್ಳುತ್ತದೆ. ಆಫ್‌ಸೆಟ್ ಸೇರಿಸುವ ಮೊದಲಿನ ಯುವಿಯಿಂದ `dFdx`, `dFdy` ತೆಗೆದು `textureGrad`ಗೆ ಕೊಟ್ಟೆ, ರೇಖೆ ಮಾಯ. ಇದು ಪ್ಲಗಿನ್‌ನಲ್ಲೇ ಇರಬೇಕಿತ್ತು, ಅಲ್ವಾ? ಒಂದು ಸ್ಟಾರ್ ಕಟ್.

ಮಣ್ಣು, ಹುಲ್ಲು, ಪಾಚಿ, ಜಲ್ಲಿಗೆ ಕಣ್ಣು ಮುಚ್ಚಿ ಹಾಕಬಹುದು. ಇಟ್ಟಿಗೆ ಗೋಡೆಗೆ ಹಾಕಬೇಡಿ, ಒಂದು ಇಟ್ಟಿಗೆಯೊಳಗೆ ಇನ್ನೊಂದರ ಗಾರೆಗೆರೆ ದೆವ್ವದ ಹಾಗೆ ತೇಲುತ್ತದೆ. ಫೋಟೋದ ಒಂದು ಮೂಲೆ ಕತ್ತಲಾಗಿದ್ದರೂ ಕಷ್ಟ: ಆ ಕತ್ತಲು ನೆಲದ ತುಂಬ ತೇಪೆ ತೇಪೆಯಾಗಿ ಹರಡುತ್ತದೆ, ಅದಕ್ಕೇ ನಾನು ಮೊದಲು ಹೈ ಪಾಸ್ ಹಾಕಿ ಬೆಳಕು ಸಮ ಮಾಡಿಕೊಳ್ಳುತ್ತೇನೆ.

ಖರ್ಚಿನ ಲೆಕ್ಕವೂ ಇದೆ. ಒಂದು ಸ್ಯಾಂಪಲ್ ಇದ್ದಲ್ಲಿ ಮೂರು. ಬಣ್ಣ, ನಾರ್ಮಲ್, ರಫ್‌ನೆಸ್ ಮೂರಕ್ಕೂ ಸೇರಿ ಒಂಬತ್ತು, ಟೇಬಲ್ ಓದುವುದು ಬೇರೆ. ಹಾಗಾಗಿ ಈಗ ದೊಡ್ಡ ನೆಲಗಳಿಗೆ ಮಾತ್ರ ಉಳಿಸಿಕೊಂಡಿದ್ದೇನೆ, ಚಿಕ್ಕ ವಸ್ತುಗಳಿಗೆ ಹಳೇ ಆಫ್‌ಸೆಟ್, ಹೀಲ್ ಟೂಲ್.