ರಾಜನ ಉಡುಪು, ಮಗುವಿನದೇ ಮುಖ: ಮೂರು ಪ್ರಾಂಪ್ಟ್ ಹಾಳೆಗಳ ಹೋಲಿಕೆ

ನಮ್ಮ ಮೂರನೇ ತರಗತಿಯ ರಾಜ್ಯೋತ್ಸವ ಗೋಡೆಗೆ ಮಕ್ಕಳ ಫೋಟೋಗಳನ್ನು ವಿಜಯನಗರದ ದರ್ಬಾರಿನ ಭಾವಚಿತ್ರಗಳನ್ನಾಗಿ ಮಾಡಬೇಕಿತ್ತು. ಒಂದೇ ಎಐ ಆ್ಯಪ್‌ನಲ್ಲಿ ಮೂರು ಬಗೆ ಬರೆದು ನೋಡಿದೆ.

ಮೊದಲನೆಯದು ಒಂದೇ ಸಾಲು: "ಇವನನ್ನು ವಿಜಯನಗರದ ರಾಜನನ್ನಾಗಿ ಮಾಡು." ಚಿತ್ರವೇನೋ ಝಗಮಗ. ಆದರೆ ತಲೆಗೆ ಮೊಘಲರ ಪೇಟ, ಮುಖಕ್ಕೆ ಮೀಸೆ, ಮೈಬಣ್ಣ ಎರಡು ಪಟ್ಟು ಬೆಳ್ಳಗೆ. ಬಿದ್ದ ಹಾಲುಹಲ್ಲಿನ ಜಾಗವೂ ತುಂಬಿತ್ತು. ಟಿವಿ ಧಾರಾವಾಹಿಯ ರಾಜ, ನಮ್ಮ ಹುಡುಗನಲ್ಲ.

ಎರಡನೆಯದರಲ್ಲಿ ಉಡುಪನ್ನು ಬಿಡಿಸಿ ಬರೆದೆ. ಆಧಾರ ಬೇಕಾದಷ್ಟಿದೆ. ತಿರುಮಲದಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೆ ಎತ್ತರದ ಕುಳ್ಳಾಯಿ ಇದೆ. ಲೇಪಾಕ್ಷಿಯ ಛಾವಣಿಯ ಚಿತ್ರಗಳಲ್ಲೂ ಗಂಡಸರಿಗೆ ಅದೇ ಟೋಪಿ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ರಾಜ ಚಿನ್ನದ ಹೂಕಸೂತಿಯ ಬಿಳಿ ಬಟ್ಟೆ ತೊಟ್ಟು ಬರಿಗಾಲಲ್ಲಿದ್ದ ಎಂದು ಬರೆದಿದ್ದಾನೆ. ಕುಳ್ಳಾಯಿ ಎಂದರೆ ಆ್ಯಪ್‌ಗೆ ತಿಳಿಯಲಿಲ್ಲ, ಆಕಾರ ಹೇಳಿದ ಮೇಲೆ ಸರಿಹೋಯಿತು.

```
ಉಡುಪು, ಹಿನ್ನೆಲೆ ಮಾತ್ರ ಬದಲಿಸು.
ಮುಖ, ಮೈಬಣ್ಣ, ವಯಸ್ಸು, ಕನ್ನಡಕ, ಹಲ್ಲು
ಫೋಟೋದಲ್ಲಿ ಇದ್ದಂತೆಯೇ ಇರಲಿ.
ತಲೆಗೆ: ಎತ್ತರದ, ತುದಿ ದುಂಡಗಿರುವ ಜರಿ ಟೋಪಿ.
ಮೈಗೆ: ಉದ್ದ ತೋಳಿನ ಬಿಳಿ ನಿಲುವಂಗಿ,
ಚಿನ್ನದ ದಾರದ ಹೂಕಸೂತಿ.
ಹಿನ್ನೆಲೆ: ಕಲ್ಲುಕಂಬಗಳ ಮಂಟಪ.
```

"ಮೀಸೆ ಬೇಡ" ಎಂದು ಬೇಕೆಂದೇ ಬರೆದಿಲ್ಲ. ಬೇಡ ಎಂದದ್ದೇ ಕೆಲವೊಮ್ಮೆ ಬಂದು ಕೂರುತ್ತದೆ. "ವಯಸ್ಸು ಇದ್ದಂತೆಯೇ" ಎಂದರೆ ಸಾಕು. ತಿದ್ದುಪಡಿ ಬೇಕಾದರೆ ಬಂದ ಚಿತ್ರವನ್ನೇ ಮತ್ತೆ ತಿದ್ದಿಸಬಾರದು. ಪ್ರತಿ ಸುತ್ತಿಗೂ ಮುಖ ಸ್ವಲ್ಪ ಸ್ವಲ್ಪ ಬೇರೆಯಾಗುತ್ತಾ ಹೋಗುತ್ತದೆ. ಹಾಳೆಯಲ್ಲಿ ಒಂದು ಸಾಲು ಬದಲಿಸಿ ಮೂಲ ಫೋಟೋದಿಂದಲೇ ಮತ್ತೆ ಶುರುಮಾಡಬೇಕು. ಮೂಲ ಫೋಟೋ ಕಿಟಕಿಯ ಬೆಳಕಲ್ಲಿ, ನೇರ ಮುಖದ್ದು, ಸೊಂಟದವರೆಗಿನದು ಇದ್ದರೆ ಕೆಲಸ ಅರ್ಧ ಮುಗಿದಂತೆ. ಬಂದದ್ದನ್ನು ಮೂಲದ ಪಕ್ಕದಲ್ಲಿಟ್ಟು ಹಲ್ಲು, ಮಚ್ಚೆ, ಕನ್ನಡಕದ ಚೌಕಟ್ಟು, ಕೆನ್ನೆಯ ಬಣ್ಣ ನೋಡಿ. ಬಣ್ಣ ತೆಳುವಾಗಿದ್ದರೆ ನಾನು ಆ ಚಿತ್ರವನ್ನು ಮಗುವಿಗೆ ತೋರಿಸುವುದೇ ಇಲ್ಲ.

ಮೂರನೆಯ ಹಾಳೆಗೆ ಫೋಟೋನೇ ಬೇಡ. ಅದೇ ಉಡುಪನ್ನು ಮುಖದ ಜಾಗ ಖಾಲಿ ಬಿಟ್ಟು ಬರೆಸಿ, ಪ್ರಿಂಟ್ ತೆಗೆದು, ಕತ್ತರಿಸಿದ ಫೋಟೋ ಅಂಟಿಸುವುದು. ಕುತ್ತಿಗೆಯ ಹತ್ತಿರ ಅಂಟಿಸಿದ್ದು ಎದ್ದು ಕಾಣುತ್ತದೆ, ನಿಜ. ಆದರೆ ಮುಖ ನೂರಕ್ಕೆ ನೂರು ಮಗುವಿನದೇ, ಮತ್ತು ಆ ಮುಖ ಯಾವ ಕಂಪನಿಯ ಸರ್ವರ್‌ಗೂ ಹೋಗುವುದಿಲ್ಲ. ತಂದೆತಾಯಿ ಬರೆದು ಒಪ್ಪಿಗೆ ಕೊಡದ ಮಕ್ಕಳಿಗೆಲ್ಲ ಇದನ್ನೇ ಮಾಡಿದೆ.

ಒಪ್ಪಿಗೆ ಇದ್ದವರಿಗೆ ಎರಡನೆಯದು. ಅದಕ್ಕೂ ಮೊದಲು ಸಮವಸ್ತ್ರದ ಮೇಲಿನ ಶಾಲೆಯ ಲಾಂಛನವನ್ನು ಮರೆಮಾಡಿ. ಮಗುವಿನ ಹೆಸರನ್ನು ಆ್ಯಪ್‌ಗೆ ಕೊಡುವುದೇ ಬೇಡ. ಕನ್ನಡ ಅಕ್ಷರವನ್ನು ಅದು ಒತ್ತು, ಕೊಂಬು ಕೆಡಿಸಿಯೇ ಬರೆಯುತ್ತಿತ್ತು. ಪ್ರಿಂಟ್ ಆದ ಮೇಲೆ ಹೆಸರನ್ನು ಸ್ಕೆಚ್ ಪೆನ್ನಿನಲ್ಲಿ ಮಕ್ಕಳೇ ಬರೆದರು.