ಪಕ್ಕದ ಮನೆಯ ಟೀವಿ: ಫೋಮ್, ಅಂಟಿಸಿದ ಬೋರ್ಡ್, ಬಿಟ್ಟು ನಿಲ್ಲಿಸಿದ ಗೋಡೆ

ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಟೀವಿ ಸದ್ದು ತಡೆಯಲು ಮೂರು ಉಪಾಯಗಳಿಗೆ ದುಡ್ಡು ಸುರಿದ ಮೇಲೆ ನನ್ನ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಒಂದೇ: ಹಳೆಯ ಗೋಡೆಯನ್ನು ಮುಟ್ಟದೆ ಅದರ ಮುಂದೆ ನಿಲ್ಲಿಸಿದ ಜಿಪ್ಸಂ ಗೋಡೆ. ಅದೂ ಎರಡನೆಯ ಸಲ ಬಿಚ್ಚಿ ಸರಿಪಡಿಸಿದ ಮೇಲೆ.

ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆಗಳ ನಡುವೆ ಇರುವುದು ನಾಲ್ಕು ಇಂಚಿನ ಸಾಲಿಡ್ ಬ್ಲಾಕ್ ಗೋಡೆ. ಆಚೆ ನಿವೃತ್ತ ಮೇಷ್ಟ್ರು, ಕಿವಿ ಸ್ವಲ್ಪ ಮಂದ. ರಾತ್ರಿ ಹನ್ನೊಂದರವರೆಗೆ ಸುದ್ದಿ ವಾಹಿನಿಯ ಚರ್ಚೆ ನಮ್ಮ ಹಾಲಿನಲ್ಲಿಯೇ ನಡೆದಂತೆ ಕೇಳಿಸುತ್ತಿತ್ತು.

ಫೋಮ್ ವಿಷಯ ಬೇಗ ಮುಗಿಸುತ್ತೇನೆ. ಜೆ.ಸಿ. ರಸ್ತೆಯಲ್ಲಿ ಆರು ಸಾವಿರ ಕೊಟ್ಟು ತಂದು ಹಾಲಿನ ಗೋಡೆಗೆ ಹಾಕಿದೆ. ನಮ್ಮ ಹಾಲಿನೊಳಗಿನ ಪ್ರತಿಧ್ವನಿ ತಗ್ಗಿತು, ಚರ್ಚೆ ಇನ್ನಷ್ಟು ಸ್ಪಷ್ಟವಾಯಿತು. ಅದು ಕೋಣೆಯೊಳಗಿನ ಸದ್ದನ್ನು ಹೀರುವ ವಸ್ತು. ಆಚೆಯಿಂದ ಬರುವುದನ್ನು ತಡೆಯುವಷ್ಟು ತೂಕ ಅದಕ್ಕಿಲ್ಲ.

ಅದೇ ಗೋಡೆ ಮಲಗುವ ಕೋಣೆಗೂ ಮುಂದುವರಿಯುತ್ತದೆ. ಅಲ್ಲಿ ಥರ್ಮೋಕೋಲ್ ಹಿಂದಿಟ್ಟು ಜಿಪ್ಸಂ ಬೋರ್ಡನ್ನು ನೇರವಾಗಿ ಗೋಡೆಗೆ ಅಂಟಿಸಿದೆ. ಮಾತು ತುಸು ಮಂಕಾಯಿತು, ಹಿನ್ನೆಲೆ ಸಂಗೀತದ ಗುಂಯ್ ಎನ್ನುವ ಕೆಳದನಿ ಹೆಚ್ಚಾಯಿತು. ಗಟ್ಟಿ ಥರ್ಮೋಕೋಲ್ ಸ್ಪ್ರಿಂಗಿನಂತೆ, ಬೋರ್ಡು ಅದರ ಮೇಲಿನ ತೂಕದಂತೆ. ಎರಡೂ ಸೇರಿ ಒಂದು ಶ್ರುತಿಗೆ ತಾವೇ ಕಂಪಿಸತೊಡಗುತ್ತವೆ. ಬೇಡವೇ ಬೇಡ.

ಇನ್ನು ಹಾಲಿನ ಬಿಟ್ಟು ನಿಲ್ಲಿಸಿದ ಗೋಡೆ. ಹಳೆಯ ಗೋಡೆಯಿಂದ 10 ಮಿ.ಮೀ. ಬಿಟ್ಟು 50 ಮಿ.ಮೀ. ಉಕ್ಕಿನ ಫ್ರೇಮ್, ಅದರ ಚಾನೆಲ್ ನೆಲವನ್ನೂ ಪಕ್ಕದ ಗೋಡೆಯನ್ನೂ ಮುಟ್ಟುವಲ್ಲಿ ಫೋಮ್ ಟೇಪ್, ಒಳಗೆ ಕಲ್ಲುನಾರಿನ ರಾಕ್‌ವೂಲ್, ಮುಂದೆ 12.5 ಮಿ.ಮೀ.ನ ಎರಡು ಪದರ ಬೋರ್ಡು. ಮೊದಲ ಪದರದ ಜೋಡಣೆಯ ಮೇಲೆ ಎರಡನೆಯದರ ಜೋಡಣೆ ಬೀಳಕೂಡದು. ನಾಲ್ಕೂ ಅಂಚಿನಲ್ಲಿ ಸಣ್ಣ ಸಂದು ಬಿಟ್ಟು ಗಟ್ಟಿಯಾಗದ ಸೀಲೆಂಟ್ ತುಂಬಬೇಕು. ಬಣ್ಣ ಸೇರಿ 31 ಸಾವಿರ.

ಆ ರಾತ್ರಿ ಚರ್ಚೆ ಮತ್ತೆ ಕೇಳಿಸಿತು. ಸದ್ದು ಕಡಿಮೆಯಾಗಿತ್ತು, ಆದರೆ ಯಾರು ಯಾರನ್ನು ಬೈಯುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಮರುದಿನ ಮೇಷ್ಟ್ರ ಮನೆಗೆ ಹೋಗಿ, ಪರೀಕ್ಷೆಗಾಗಿ ಟೀವಿ ಜೋರಾಗಿ ಇಡಲು ಕೇಳಿಕೊಂಡೆ. "ಇಷ್ಟು ದಿನ ಕಡಿಮೆ ಮಾಡಿ ಎನ್ನುತ್ತಿದ್ದಿರಲ್ಲ ಸಾರ್?" ಎಂದರು. ಇತ್ತ ಬಂದು ಒಂದು ಗಜ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಅಂಚಿನುದ್ದಕ್ಕೂ ಆಡಿಸಿದೆ. ಹೊಸ ಗೋಡೆಯ ಮಧ್ಯದಲ್ಲಿ ನಿಶ್ಶಬ್ದ. ಫಾಲ್ಸ್ ಸೀಲಿಂಗ್ ಸೇರುವಲ್ಲಿ ಇಡೀ ಚರ್ಚೆ.

ಮೇಸ್ತ್ರಿ ದೂಳಾಗುತ್ತದೆಂದು ಫಾಲ್ಸ್ ಸೀಲಿಂಗ್ ಕತ್ತರಿಸಿರಲಿಲ್ಲ. ಹೊಸ ಗೋಡೆಯನ್ನು ಅದರ ಕೆಳಗೇ ನಿಲ್ಲಿಸಿದ್ದ. ಒಂದು ತುಂಡು ಬಿಚ್ಚಿಸಿ ಏಣಿ ಹತ್ತಿದೆ. ಸೀಲಿಂಗಿಗೂ ಸ್ಲ್ಯಾಬಿಗೂ ನಡುವೆ ಒಂದಡಿ ಖಾಲಿ. ಅಲ್ಲಿ ಹಳೆಯ ಗೋಡೆಗೆ ಪ್ಲಾಸ್ಟರೇ ಇಲ್ಲ. ಬ್ಲಾಕಿನ ಕೊನೆಯ ಸಾಲು ಸ್ಲ್ಯಾಬನ್ನು ಮುಟ್ಟುವಲ್ಲಿ ಉದ್ದಕ್ಕೂ ಬಿರುಕು. ಊದುಬತ್ತಿ ಹಿಡಿದರೆ ಹೊಗೆ ನೂಲಿನಂತೆ ಎಳೆದುಕೊಂಡು ಆಚೆ ಹೋಯಿತು.

ಬಿರುಕು ಬರೀ 3 ಮಿ.ಮೀ. ಆದರೆ ಗೋಡೆಯ ಉದ್ದ 3.35 ಮೀಟರ್, ಎತ್ತರ 2.9 ಮೀಟರ್, ಲೆಕ್ಕ ಹಾಕಿದರೆ ಬಿರುಕಿನ ವಿಸ್ತೀರ್ಣ ಗೋಡೆಯ ಸಾವಿರದಲ್ಲೊಂದು ಪಾಲು. ಸಾವಿರದಲ್ಲೊಂದು ಪಾಲು ಸದ್ದು ತಡೆಯಿಲ್ಲದೆ ದಾಟಿದರೆ ಆ ಗೋಡೆ ಎಷ್ಟೇ ಗಟ್ಟಿಯಿದ್ದರೂ 30 ಡೆಸಿಬಲ್ ಮೀರಿ ತಡೆಯಲಾರದು. ಬಿರುಕಿಲ್ಲದ ನಾಲ್ಕು ಇಂಚಿನ ಬ್ಲಾಕ್ ಗೋಡೆ ಸುಮಾರು 45 ತಡೆಯುತ್ತದೆ. ಬಿರುಕು ಮುಚ್ಚಿಯೇ ಮುಂದಿನ ಖರ್ಚು ಮಾಡಬೇಕಿತ್ತು ಎಂದು ಏಣಿಯ ಮೇಲೆ ಹೊಳೆಯಿತು.

ಮೇಸ್ತ್ರಿ ಸಿಮೆಂಟ್ ಕಲಸಲು ಹೊರಟ, ತಡೆದೆ. ಸ್ಲ್ಯಾಬ್ ತುಸು ಬಾಗುತ್ತಲೇ ಇರುತ್ತದೆ, ಸಿಮೆಂಟ್ ಮತ್ತೆ ಬಿಡುತ್ತದೆ. ಬಿರುಕನ್ನು ಸ್ವಲ್ಪ ಅಗಲಿಸಿ ರಾಕ್‌ವೂಲ್ ಒತ್ತಿ ತುರುಕಿ, ಮೇಲೆ ಹಿಗ್ಗಿ ಕುಗ್ಗುವ, ಬೆಂಕಿ ತಾಳುವ ಸೀಲೆಂಟ್ ಎಳೆಸಿದೆ. ಹಳೆಯ ಗೋಡೆಯ ಆ ಒಂದಡಿಗೆ ಪ್ಲಾಸ್ಟರ್ ಮಾಡಿಸಿ, ಫಾಲ್ಸ್ ಸೀಲಿಂಗಿನ ಅಂಚು ಕತ್ತರಿಸಿ, ಹೊಸ ಗೋಡೆಯನ್ನು ಸ್ಲ್ಯಾಬಿನವರೆಗೆ ಏರಿಸಿದೆವು. ಇನ್ನೂ ಏಳು ಸಾವಿರ. ಈಗ ಮೇಷ್ಟ್ರ ಟೀವಿ ನಡೆಯುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟರೆ ಮಾತ್ರ ತಿಳಿಯುತ್ತದೆ.

ಹಾಲಿನಲ್ಲಿ ಮೂರೂವರೆ ಇಂಚು ಹೋಯಿತು; ಸ್ವಂತ ಮನೆ, ಸಂಜೆ ಓದುವ ಚಟ, ಹಾಗಾಗಿ ನನಗೆ ಒಪ್ಪಿಗೆ. ಬಾಡಿಗೆ ಮನೆಯಾದರೆ ಬಿರುಕಷ್ಟೇ ಮುಚ್ಚಿಸಿ ನೋಡುತ್ತಿದ್ದೆ.

ಮೇಲಿನ ಮನೆಯ ಸದ್ದಿಗೆ ಈ ಮೂರರಲ್ಲಿ ಯಾವುದೂ ಮದ್ದಲ್ಲ. ಕುರ್ಚಿ ಎಳೆದದ್ದು ಸ್ಲ್ಯಾಬಿಗೆ ಇಳಿದು ಎಲ್ಲ ಗೋಡೆಗಳಲ್ಲೂ ಹರಿಯುತ್ತದೆ. ಅದನ್ನು ಮೇಲೆಯೇ, ಟೈಲ್ಸ್ ಕೆಳಗೆ ರಬ್ಬರ್ ಹಾಳೆ ಹಾಸಿ ತಡೆಯಬೇಕು, ಟೈಲ್ಸ್ ಅಂಚು ಗೋಡೆಗೆ ತಾಗದಂತೆ. ಮೇಲಿನ ಮನೆಯವರು ನೆಲ ಅಗೆಯುವವರಲ್ಲ. ಅಲ್ಲಿನ ಅಜ್ಜಿಯ ಗ್ರೈಂಡರಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇಟ್ಟುಬಂದಿದ್ದೇನೆ, ಕುರ್ಚಿಗಳ ಕಾಲಿಗೆ ಫೆಲ್ಟ್ ಅಂಟಿಸಿದ್ದೇನೆ. ಎರಡು ಕುರ್ಚಿಗಳದು ಆಗಲೇ ಕಿತ್ತುಹೋಗಿದೆ, ಯಾವ ಎರಡೆಂದು ಕೆಳಗಿನಿಂದಲೇ ಹೇಳಬಲ್ಲೆ.